ಡಿಎಸ್‌ಸಿಆರ್ ಷರತ್ತು ಮುರಿದ ಟರ್ಮ್ ಲೋನ್: ಕರೆಂಟೋ, ನಾನ್-ಕರೆಂಟೋ?

ಪ್ರಶ್ನೆ (ಆಡಿಟ್ ತಂಡದ ಕಿರಿಯ ಸದಸ್ಯೆ): ಇಂಡ್ ಎಎಸ್ ಎಂಬ ಭಾರತೀಯ ಲೆಕ್ಕಪತ್ರ ಮಾನದಂಡಗಳು ಅನ್ವಯಿಸುವ ಕಂಪನಿಯೊಂದಕ್ಕೆ 2025ರ ಮಾರ್ಚ್ 31ರಂದು ₹40 ಕೋಟಿ ಟರ್ಮ್ ಲೋನ್ ಬಾಕಿಯಿದ್ದು, ಅದರಲ್ಲಿ ₹6 ಕೋಟಿ ಮುಂದಿನ ಹನ್ನೆರಡು ತಿಂಗಳ ಕಂತು. ಬ್ಯಾಂಕಿನ ಷರತ್ತಿನಂತೆ, ತೀರಿಸಬೇಕಾದ ಅಸಲು-ಬಡ್ಡಿಗೆ ಲಭ್ಯ ಹಣದ ಅನುಪಾತವಾದ ಡಿಎಸ್‌ಸಿಆರ್ ವರ್ಷಾಂತ್ಯಕ್ಕೆ ಕನಿಷ್ಠ 1.20 ಇರಬೇಕು. ಕಂಪನಿಯ ಲೆಕ್ಕದಲ್ಲಿ 1.24 ಬಂದಿದೆ. ಉಳಿದ ₹34 ಕೋಟಿಯನ್ನು ನಾನ್-ಕರೆಂಟ್, ಅಂದರೆ ಹನ್ನೆರಡು ತಿಂಗಳ ನಂತರ ತೀರಿಸುವ ಸಾಲ, ಎಂದು ಒಪ್ಪಬಹುದೇ?

ಒಬ್ಬ ಲೆಕ್ಕಪರಿಶೋಧಕರು: ಅನುಪಾತ ಕೆಳಗಿಳಿದಿದ್ದರೂ ಚಿಂತೆಯಿಲ್ಲ. ಬ್ಯಾಂಕಿನಿಂದ ಒಂದು ಪತ್ರ ತರಿಸಿಕೊಂಡರೆ ಮುಗಿಯಿತು.

ಹಿರಿಯ ಲೆಕ್ಕಪರಿಶೋಧಕರು: ಮೊದಲು ಆ 1.24 ಹೇಗೆ ಬಂತೆಂದು ನೋಡಿ. ಸ್ಯಾಂಕ್ಷನ್ ಲೆಟರ್ ಮತ್ತು ಅದರ ತಿದ್ದುಪಡಿಗಳಲ್ಲಿ ಅಂಶವನ್ನೂ ಛೇದವನ್ನೂ ಹೇಗೆ ವಿವರಿಸಿದ್ದಾರೋ ಅದರಂತೆಯೇ ನೀವೇ ಮರುಲೆಕ್ಕ ಮಾಡಬೇಕು. ಕಂಪನಿಯ ಎಕ್ಸೆಲ್ ಹಾಳೆಯ ಕೂಡಿಕೆ ಸರಿಯಿದೆಯೆಂದು ಟಿಕ್ ಹಾಕುವುದು ಪರೀಕ್ಷೆಯಲ್ಲ. ಆಡಿಟ್ ಹೊಂದಾಣಿಕೆಗಳು ಲಾಭವನ್ನು ಬದಲಿಸಿದರೆ ಅನುಪಾತವನ್ನು ಮತ್ತೆ ಲೆಕ್ಕ ಹಾಕಿ.

ಪ್ರಶ್ನೆ ಕೇಳಿದವರು: ನೋಡಿದೆ ಸರ್. ಸಾಲ ತೀರಿಸಲು ಲಭ್ಯವಿರುವ ಮೊತ್ತ ₹12.4 ಕೋಟಿ, ತೀರಿಸಬೇಕಾದ ಅಸಲು-ಬಡ್ಡಿ ₹10 ಕೋಟಿ. ಆದರೆ ಆ 12.4ರಲ್ಲಿ ಜಮೀನು ಮಾರಿದ ಲಾಭ ₹1 ಕೋಟಿ ಸೇರಿದೆ. ಅಂಥ ಆದಾಯವನ್ನು ಬಿಡಬೇಕೆಂದು ಲೆಟರ್‌ನಲ್ಲಿದೆ.

ಹಿರಿಯ ಲೆಕ್ಕಪರಿಶೋಧಕರು: ಹಾಗಾದರೆ ಅನುಪಾತ 1.14ಕ್ಕೆ ಇಳಿಯಿತು, ಷರತ್ತು ಮುರಿಯಿತು. ಆಡಿಟ್ ಆದ ಲೆಕ್ಕ ಬಂದ ಮೇಲೆ ಬ್ಯಾಂಕು ಪರಿಶೀಲಿಸುತ್ತದೆ ಎಂಬ ಸಮಜಾಯಿಷಿ ನಿಲ್ಲದು. ಷರತ್ತು ಪಾಲಿಸಬೇಕಿದ್ದುದು ಮಾರ್ಚ್ 31ರ ಸ್ಥಿತಿಯಲ್ಲಿ. ಮುಂದೆ ನೋಡಬೇಕಾದದ್ದು, ಉಲ್ಲಂಘನೆಯಾದರೆ ಇಡೀ ಸಾಲವನ್ನು ತಕ್ಷಣ ಕೇಳುವ ಹಕ್ಕು ಬ್ಯಾಂಕಿಗಿದೆಯೇ, ಅಥವಾ ದಂಡ ಶುಲ್ಕ ಮಾತ್ರವೇ ಎಂಬುದು. ದಂಡ ಮಾತ್ರವಾದರೆ ವರ್ಗೀಕರಣ ಬದಲಾಗುವುದಿಲ್ಲ. ಹಕ್ಕಿದ್ದರೆ, ₹34 ಕೋಟಿಯೂ ಕರೆಂಟ್ ಕಡೆಗೆ ಬರುವ ಪ್ರಶ್ನೆ ಏಳುತ್ತದೆ.

ಪತ್ರದ ಮಾತು ಅರ್ಧ ಸರಿ. 2024-25ರ ವರ್ಷಕ್ಕೆ ಅನ್ವಯಿಸುವ ಇಂಡ್ ಎಎಸ್ 1ರ ಪ್ರಕಾರ, ವರ್ಷಾಂತ್ಯದ ನಂತರವಾದರೂ ಹಣಕಾಸು ಪಟ್ಟಿಗಳಿಗೆ ಮಂಡಳಿ ಒಪ್ಪಿಗೆ ನೀಡುವ ಮೊದಲು, ಈ ಉಲ್ಲಂಘನೆಗಾಗಿ ಮರುಪಾವತಿ ಕೇಳುವುದಿಲ್ಲವೆಂದು ಬ್ಯಾಂಕು ಒಪ್ಪಿದರೆ ನಾನ್-ಕರೆಂಟ್ ಆಗಿಯೇ ಉಳಿಯುತ್ತದೆ. ಮೂಲವಾದ ಅಂತರರಾಷ್ಟ್ರೀಯ ಮಾನದಂಡ ಐಎಫ್‌ಆರ್‌ಎಸ್‌ನಲ್ಲಿ ಈ ಅವಕಾಶವಿಲ್ಲ. ವಿದೇಶಿ ಮಾತೃಸಂಸ್ಥೆಗೆ ಅದರ ಪ್ರಕಾರ ವರದಿ ಕೊಡುವುದಿದ್ದರೆ, ಅದೇ ಸಾಲವನ್ನು ಅಲ್ಲಿ ಕರೆಂಟ್ ಎಂದೇ ತೋರಿಸಬೇಕು. ಮುಂದಿನ ವರ್ಷಗಳಿಗೆ 2025ರ ತಿದ್ದುಪಡಿಯನ್ನು ನೋಡಿಯೇ ತೀರ್ಮಾನಿಸಿ.

ಒಬ್ಬ ಉದ್ಯಮಿ: ನಮ್ಮ ಕ್ಯಾಶ್ ಕ್ರೆಡಿಟ್ ಪ್ರತಿವರ್ಷ ನವೀಕರಣವಾಗುತ್ತದೆ. ಅದನ್ನೂ ನಾನ್-ಕರೆಂಟ್ ಮಾಡಬಹುದಲ್ಲವೇ?

ಹಿರಿಯ ಲೆಕ್ಕಪರಿಶೋಧಕರು: ಅದು ಬೇರೆ ವಿಷಯ, ಸ್ವಾಮಿ. ಕೇಳಿದಾಗ ತೀರಿಸಬೇಕಾದ ಸಾಲವಾದ್ದರಿಂದ ಕರೆಂಟ್.

ಪ್ರಶ್ನೆ ಕೇಳಿದವರು: ಹಕ್ಕು ಬ್ಯಾಂಕಿಗಿದೆ ಸರ್. ಮೇ 20ರ ಪತ್ರವೂ ಬಂದಿದೆ. ಮಂಡಳಿ ಸಭೆ ಮೇ 28ಕ್ಕೆ. “ಸದ್ಯಕ್ಕೆ ಮರುಪಾವತಿ ಕೇಳುವ ಉದ್ದೇಶವಿಲ್ಲ, ನಮ್ಮ ಹಕ್ಕುಗಳನ್ನೆಲ್ಲ ಕಾಯ್ದಿರಿಸಿಕೊಂಡಿದ್ದೇವೆ” ಎಂದು ಬರೆದಿದ್ದಾರೆ.

ಹಿರಿಯ ಲೆಕ್ಕಪರಿಶೋಧಕರು: ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಸಿದುಕೊಳ್ಳುವ ಪತ್ರವಿದು, ನಾನು ಒಪ್ಪುವುದಿಲ್ಲ. ಒಪ್ಪುವ ಪಾರ್ಟ್ನರ್‌ಗಳೂ ಇದ್ದಾರು. ಉಲ್ಲಂಘನೆಯನ್ನು ಹೆಸರಿಸಿ, ಅದಕ್ಕಾಗಿ ಸಾಲ ಹಿಂದಕ್ಕೆ ಕೇಳುವುದಿಲ್ಲವೆಂಬ ಸ್ಪಷ್ಟ ಪತ್ರ, ಅಧಿಕಾರವುಳ್ಳವರ ಸಹಿಯೊಂದಿಗೆ, ಬ್ಯಾಂಕಿನಿಂದ ನೇರವಾಗಿ ನಿಮಗೇ ಬರಲಿ. ಬೇರೆ ಬ್ಯಾಂಕುಗಳ ಒಪ್ಪಂದಗಳಲ್ಲಿ ಈ ಉಲ್ಲಂಘನೆ ಅಲ್ಲಿಯೂ ಲೆಕ್ಕಕ್ಕೆ ಬರುವ ಷರತ್ತಿದೆಯೇ ಎಂಬುದನ್ನೂ 28ರೊಳಗೆ ನೋಡಿ.