ರವಿವಾರ ರಾತ್ರಿ ದುಡಿದದ್ದು ಪಗಾರ ಸ್ಲಿಪ್‌ನಾಗ ಎಲ್ಲಿ ಹೋತು?

ಪ್ರಶ್ನೆ (ಮಷಿನ್ ಶಾಪ್ ಆಪರೇಟರ್, ಉದ್ಯಮಬಾಗ, ಬೆಳಗಾವಿ):
ಸರ್ ನಮಸ್ಕಾರ್ರಿ. ಫೆಬ್ರುವರಿ 2ರಿಂದ 7ರ ತನಕ ನಂದು ಸಿ ಶಿಫ್ಟ್, ರಾತ್ರಿ 10ರಿಂದ ಮುಂಜಾನೆ 6. ರೋಸ್ಟರ್‌ನಾಗ 8ನೇ ತಾರೀಕು ರವಿವಾರ ವೀಕ್ಲಿ ಆಫ್ ಇತ್ತು. ಅವತ್ತ ರಾತ್ರಿ ಒಬ್ಬಾವ ಬಂದಿಲ್ಲ ಬಾ ಅಂತ ಸುಪರ್‌ವೈಸರ್ ಫೋನ್ ಮಾಡಿದ್ರು, ಹೋಗಿ ಪೂರಾ ಶಿಫ್ಟ್ ಮಾಡೇನಿ, ಮರದಿವ್ಸ ಸೋಮವಾರ ಮಧ್ಯಾಹ್ನ 2ಕ್ಕ ಮತ್ತ ಬಿ ಶಿಫ್ಟಿಗೆ ಹೋಗೇನಿ. ಬದಲಿ ಸುಟ್ಟಿ ಅಂತ ಅವರನ್ನ ಕೇಳಿನ 18ಕ್ಕ ಸಿಓ ತಗೊಂಡೆ. ಈಗ ಸ್ಲಿಪ್‌ನಾಗ ಒಂದ್ ದಿನ ಲಾಸ್ ಆಫ್ ಪೇ ಅಂತ ಐತಿ, 650 ರೂಪಾಯಿ ಕಡಿಮಿ, ಹಾಜರಿ ಭತ್ಯೆ 500 ಅದೂ ಇಲ್ಲ. ಕೇಳಿದ್ರ "ರವಿವಾರ ಹಗಲೆಲ್ಲಾ ಮನ್ಯಾಗ ಇದ್ದಿಯಲ್ಲೋ, ನಿನ್ನ ಆಫ್ ಮುಗೀತು, ರಾತ್ರಿ ಮಾಡಿದ್ದು ಸೋಮವಾರದ ಕೆಲಸ" ಅಂತಾರ. ಖರೇ ಏನ್ರಿ?

ಉತ್ತರ (ಟೈಮ್ ಆಫೀಸ್ ಮತ್ತು ಪಗಾರ ವಿಭಾಗ, 19 ವರ್ಷ, ಬಾಗಲಕೋಟೆ):
ಖರೇ ಅಲ್ಲ ತಮ್ಮಾ. ಮಧ್ಯರಾತ್ರಿ ದಾಟೋ ಪಾಳಿಗೆ ಕ್ಯಾಲೆಂಡರ್ ದಿನ ಹಿಡಿಯಂಗಿಲ್ಲ. ಪಾಳಿ ಮುಗಿದ ಹೊತ್ತಿನಿಂದ ಬಿಡದ 24 ತಾಸು ಬಿಡುವು ಸಿಕ್ರನ ಅದು ವಾರದ ಸುಟ್ಟಿ, ಇದು 1948ರ ಫ್ಯಾಕ್ಟರಿ ಕಾಯ್ದೆದಾಗೂ ಇತ್ತು, 2025ರ ನವೆಂಬರ್‌ದಾಗ ಜಾರಿಗೆ ಬಂದ ಹೊಸ ಕಾರ್ಮಿಕ ಕೋಡ್‌ದಾಗೂ ಹಂಗ ಉಳಿಸ್ಯಾರ. ನಿಂದು ಶನಿವಾರದ ಪಾಳಿ ಮುಗಿದದ್ದು ರವಿವಾರ ಮುಂಜಾನೆ 6ಕ್ಕ, ಅಂದ್ರ ಆಫ್ ಸೋಮವಾರ ಮುಂಜಾನೆ 6ರ ತನಕ ಇರಬೇಕಾಗಿತ್ತು, ನಿಂಗ ಸಿಕ್ಕದ್ದು ಬರೇ 16 ತಾಸು. ಅದೂ ರಾತ್ರಿಪಾಳಿ ಮಾಡಿ ಬಂದಾವ ಆ 16 ತಾಸಿನಾಗ ಅರ್ಧ ನಿದ್ದಿ ಮಾಡೂದ್ರಾಗ ಕಳೀತಾನ, ಅದನ್ನ ಹಗಲೆಲ್ಲಾ ಮನ್ಯಾಗ ಇದ್ದಿ ಅಂತ ಹೇಳೂದು ನನಗ ಸರಿ ಅನ್ಸೂದಿಲ್ಲ. ಮತ್ತ 12ರ ಮ್ಯಾಲಿನ ತಾಸುಗಳೂ ಹಿಂದಿನ ದಿನದ ಲೆಕ್ಕಕ್ಕ ಹೋಗ್ತಾವ, ಹಂಗಾಗಿ ಆ ಪಾಳಿ ಪೂರ್ತಿ 8ನೇ ತಾರೀಕಿಂದು.

ಈಗ ರೊಕ್ಕ ಯಾಕ ಕಟ್ ಆತು ಅದನ್ನ ಹುಡಕೂಣು. ಸ್ಲಿಪ್ ಮ್ಯಾಲ ಹಾಜರಿ, ವೀಕ್ಲಿ ಆಫ್, ಲಾಸ್ ಆಫ್ ಪೇ ಎಷ್ಟೆಷ್ಟು ಅದಾವ ಹೇಳು. ಟೈಮ್ ಆಫೀಸಿಗೆ ಹೋಗಿ 8 ಮತ್ತ 9ನೇ ತಾರೀಕಿನ ಪಂಚ್ ರಿಪೋರ್ಟೂ ನೋಡ್ಕೊಂಡು ಬಾ.

ಕಾಮೆಂಟ್ (ಮಚ್ಛೆ):
ಅಣ್ಣಾರ ಇಷ್ಟ್ಯಾಕ ತಲಿ ಕೆಡಿಸ್ಕೊಳ್ತೀರಿ, ರವಿವಾರ ದುಡಿದ್ರ ಡಬಲ್ ಪಗಾರ ಅಂತ ಕಾನೂನು ಐತಿ, ಎರಡ್ ದಿನದ ರೊಕ್ಕ ಕೇಳ್ರಿ ಮುಗೀತು.

ಉತ್ತರ (ಬಾಗಲಕೋಟೆ):
ಅರ್ಧ ಖರೇ ಐತ್ರಿ. ಡಬಲ್ ಬರೂದು ರವಿವಾರ ಅಂತಲ್ಲ, ತಾಸು ಹೆಚ್ಚಾಗಿದ್ದಕ್ಕ. ವೀಕ್ಲಿ ಆಫ್ ಬುಧವಾರ ಇದ್ದಾವ ರವಿವಾರ ದುಡಿದ್ರ ಅದು ಅವಂದು ಸಾದಾ ದಿನ. ವಾರಕ್ಕ 48 ತಾಸು ದಾಟಿದ್ರ ದಾಟಿದಷ್ಟಕ್ಕ ಡಬಲ್. ಇವನ ಓಟಿ ಲೆಕ್ಕ ಆಮ್ಯಾಲೆ ಮಾಡೂಣು, ಮೊದಲ ಆ 650 ವಾಪಸ್ ಬರ್ಲಿ.

ಪ್ರಶ್ನೆ ಕೇಳಿದಾವ:
ಹೋಗಿ ಬಂದೆ ಸರ್. ಸ್ಲಿಪ್‌ನಾಗ ಹಾಜರಿ 23, ವೀಕ್ಲಿ ಆಫ್ 4, ಲಾಸ್ ಆಫ್ ಪೇ 1. ಕೂಡಿಸಿದ್ರ 28 ಬರ್ತೈತಿ, ತಿಂಗಳು ಸರಿ ಕೂಡ್ತೈತಲ್ಲ ಅಂತ ಕ್ಲರ್ಕ್ ಹೇಳಿದ್ರು. ಪಂಚ್ ರಿಪೋರ್ಟ್‌ನಾಗ 8ಕ್ಕ ಒಂದ ಪಂಚ್ ಐತಿ, ರಾತ್ರಿ 9:52. 9ಕ್ಕ ಮೂರು ಅದಾವ, ಮುಂಜಾನೆ 6:04, ಮಧ್ಯಾಹ್ನ 1:50, ರಾತ್ರಿ 10:06.

ಉತ್ತರ (ಬಾಗಲಕೋಟೆ):
ಸಿಕ್ತು ನೋಡು. ರೋಸ್ಟರ್‌ನಾಗ 8ಕ್ಕ ವೀಕ್ಲಿ ಆಫ್ ಅಂತನ ಉಳದೈತಿ, ಸುಪರ್‌ವೈಸರ್ ಫೋನ್ ಮಾಡಿ ಕರದ್ರು, ಆದ್ರ ರೋಸ್ಟರ್ ತಿದ್ದಲಿಲ್ಲ. ಆ ದಿನ ನಿಂಗ ಪಾಳಿ ಇಲ್ಲ ಅಂತ ತಿಳಕೊಂಡ ಸಾಫ್ಟ್‌ವೇರ್ 9:52ರ ಪಂಚಿಗೆ ಜೋಡಿ ಹುಡುಕಿಲ್ಲ, ಒಂಟಿ ಪಂಚ್ ಅಂತ ಬಿಟ್ಟೈತಿ. ಮುಂಜಾನೆ 6:04 ನೀ ಹೊರಗ ಬಂದದ್ದು, ಅದನ್ನ ಸೋಮವಾರ ಒಳಗ ಹೋದದ್ದು ಅಂತ ಹಿಡದೈತಿ, ಕೊನೀ ಪಂಚ್ 10:06 ಹೊರಗ. ಹಂಗಾಗಿ ಸೋಮವಾರ ಒಂದ ಹಾಜರಿ ಆತು, ರವಿವಾರದ ದುಡಿಮಿ ಅದರಾಗ ಮುಚ್ಚಿ ಹೋತು. 8ನೇ ತಾರೀಕಿನ ಕೆಲಸ ದಾಖಲಿ ಇಲ್ಲಂದ್ರ ಸಿಓ ಖಾತೆದಾಗ ಜಮಾ ಇಲ್ಲ, ಜಮಾ ಇಲ್ಲದ 18ಕ್ಕ ತಗೊಂಡ್ರ ಲಾಸ್ ಆಫ್ ಪೇ ಬೀಳ್ತೈತಿ. ಹಾಜರಿ ಭತ್ಯೆ ಅದರ ಹಿಂದನ ಹೋತು.

28 ಕೂಡಿತು ಅಂದ್ರ ಸರಿ ಐತಿ ಅಂತಲ್ಲ, ತಪ್ಪಿದ್ರೂ 28 ಕೂಡ್ತೈತಿ. ನೋಡಬೇಕಾದ್ದು ವೀಕ್ಲಿ ಆಫಿನ ಅಂಕಿ. ನೀ ಒಂದು ರವಿವಾರ ದುಡದೀ, ಹಂಗಾರ ಅಲ್ಲಿ 4 ಹೆಂಗ ಬಂತು? ಸರಿ ಸ್ಲಿಪ್ ಹಿಂಗಿರಬೇಕು: ಹಾಜರಿ 24, ವೀಕ್ಲಿ ಆಫ್ 3, ಸಿಓ 1. ಇದೂ 28.

ಬರೇ "ರೊಕ್ಕ ಕಟ್ ಆಗೇತಿ" ಅಂತ ಅರ್ಜಿ ಕೊಡಬ್ಯಾಡ, ಅದು ಪಗಾರ ವಿಭಾಗಕ್ಕ ಹೋಗಿ ವಾಪಸ್ ಬರ್ತೈತಿ. ಮೊದಲ ಸುಪರ್‌ವೈಸರ್ ಸಹಿ ಹಾಕಿಸಿ 8ನೇ ತಾರೀಕಿಗೆ ರೋಸ್ಟರ್ ಸಿ ಶಿಫ್ಟ್ ಮಾಡಿಸು, 6:04ರ ಪಂಚ್ 8ರ ಪಾಳಿಗೆ ಜೋಡಿಸ್ಲಿ, ಆಗ ಸಿಓ ಜಮಾ ಆಗ್ತೈತಿ, ಆಮ್ಯಾಲೆ 18ನ್ನ ಸಿಓ ಅಂತ ಬದಲಿ ಮಾಡಿಸು. ಈ ಸಾಲು ತಪ್ಪಿದ್ರ ಸಿಸ್ಟಮ್ ತಗೊಳ್ಳಂಗಿಲ್ಲ. ಆ ರಾತ್ರಿ ಬಂದ ಫೋನಿನ ಹೊತ್ತು, ಮಷಿನ್ ಲಾಗ್‌ಬುಕ್‌ನಾಗ ನೀ ಬರದ ಜಾಬ್ ಎಣಿಕಿ, ಎರಡರದೂ ಫೋಟೋ ಇಟ್ಕೋ.

ಕಾಮೆಂಟ್ (ನರ್ಸ್, ಖಾಸಗಿ ಆಸ್ಪತ್ರೆ, ವಿಜಯಪುರ):
ನಮ್ಮಲ್ಲಿ ಸಿಓ 30 ದಿನದಾಗ ತಗೊಳ್ಳಿಲ್ಲಂದ್ರ ಲ್ಯಾಪ್ಸ್ ಅಂತಾರ್ರಿ, ಕೇಳಿದ್ರ ಸ್ಟಾಫ್ ಇಲ್ಲ ಅಂತ ಕೊಡೂದೂ ಇಲ್ಲ, ನಂದು ಮೂರು ಹಂಗ ಹೋದ್ವು. ಇದಕ್ಕೇನ್ ಮಾಡ್ಬೇಕು?

ಉತ್ತರ (ಬಾಗಲಕೋಟೆ):
ಅಕ್ಕಾರ, ಫ್ಯಾಕ್ಟರಿ ಲೆಕ್ಕದಾಗ ಆಫ್ ತಪ್ಪಿದ ತಿಂಗಳು, ಅದರ ಮುಂದಿನ ಎರಡು ತಿಂಗಳು, ಅಷ್ಟರಾಗ ಕೊಡಬೇಕು. ಈ ಹುಡುಗಂದಾದ್ರ ಏಪ್ರಿಲ್ 30ರ ತನಕ. ಕೊಡೂ ಜವಾಬ್ದಾರಿ ಕಂಪನಿದು. ನಿಮ್ಮ ಆಸ್ಪತ್ರಿಗೆ ಇದನ್ನ ಹಂಗ ಹಚ್ಚಿ ಹೇಳಾಕ ನಾ ತಯಾರಿಲ್ರಿ, ನನ್ನ ಅನುಭವ ಎಲ್ಲಾ ಫ್ಯಾಕ್ಟರಿದು. ನೇಮಕಾತಿ ಪತ್ರದಾಗ ಆ 30 ದಿನ ಬರದೈತಿ ಏನು ನೋಡ್ರಿ, ಮತ್ತ ಇನ್ನ ಮುಂದ ಸಿಓ ಕೇಳಿದ್ದನ್ನೂ ಇಲ್ಲ ಅಂದದ್ದನ್ನೂ ಮೆಸೇಜ್‌ನಾಗ ಇಡ್ರಿ. ಬಾಯಿಮಾತಿಗೆ ತಾರೀಕು ಇರಂಗಿಲ್ಲ.

ಪ್ರಶ್ನೆ ಕೇಳಿದಾವ:
ಸುಪರ್‌ವೈಸರ್ ಸಹಿ ಹಾಕಿದ್ರು ಸರ್. 1,150 ಮಾರ್ಚ್ ಪಗಾರದಾಗ ಅರಿಯರ್ಸ್ ಬರ್ತೈತಿ ಅಂದ್ರು. ಓಟಿ ಕೇಳಿದ್ರ, ಸಿಓ ಕೊಟ್ಟೇವಿ ಮತ್ಯಾಕ ಓಟಿ ಅಂತಾರ.

ಉತ್ತರ (ಬಾಗಲಕೋಟೆ):
ವಾರ ರವಿವಾರದಿಂದ ಶನಿವಾರ ಹಿಡಿ. 8ರಿಂದ 14, ಏಳು ಪಾಳಿ ಮಾಡೀ, ಒಂದೂ ಸುಟ್ಟಿ ಇಲ್ಲ. ಅರ್ಧ ತಾಸು ಊಟದ ಬಿಡುವು ತಗದ್ರ ಪಾಳಿಗೆ 7.5 ತಾಸು, ಏಳಕ್ಕ 52.5. 48ರ ಮ್ಯಾಲ 4.5 ತಾಸು. ಸಿಓ ಬಂದದ್ದು 18ಕ್ಕ, ಅದು ಮುಂದಿನ ವಾರ, ಅದರಿಂದ ಈ ವಾರದ ತಾಸು ಕಡಿಮಿ ಆಗೂದಿಲ್ಲ. ಹಂಗಾಗಿ 4.5 ತಾಸಿಂದು ಡಬಲ್ ಬರಬೇಕು ಅಂತ ನನ್ನ ತಿಳುವಳಿಕಿ.

ಕಾಮೆಂಟ್ (ಮಚ್ಛೆ):
ನಮ್ಮ ಕಂಪನ್ಯಾಗ ಸಿಓ ಇಲ್ಲಾ ಓಟಿ, ಎರಡರಾಗ ಒಂದ. ಯೂನಿಯನ್ ಒಪ್ಪಂದನ ಹಂಗ ಐತಿ.

ಉತ್ತರ (ಬಾಗಲಕೋಟೆ):
ಬಾಳ ಕಡೆ ಹಂಗ ನಡಸ್ತಾರ್ರಿ, ನಾ ಒಪ್ಪೂದಿಲ್ಲ. ತಮ್ಮಾ, ಓಟಿ ಅರ್ಜಿ ಬ್ಯಾರೆ ಹಾಳಿ ಮ್ಯಾಲ ಕೊಡು, ಅರಿಯರ್ಸಿನ ಜೋಡಿ ಕೂಡಿಸಿದ್ರ 1,150 ಸೈತ ನಿಂತ್ ಬಿಡ್ತೈತಿ. ಮಾರ್ಚ್ ಸ್ಲಿಪ್ ಬಂದ ಕೂಡ್ಲೆ 650 ಮತ್ತ 500 ಎರಡೂ ಬಂದಾವೋ ಇಲ್ಲೋ ನೋಡಿ ಇಲ್ಲೇ ಹೇಳು, ಭತ್ಯೆದ 500 ಬಾಳ ಸಲ ಬಿಟ್ಟ್ ಹೋಗ್ತೈತಿ.