ಜ್ವರ ಬಿಟ್ಟ ಮೇಲೆ ಫಿಸಿಕ್ಸ್ ಎಲ್ಲಿಂದ ಹಿಡಿಯೋದು

"ಚಿಕ್ಕಮ್ಮ, ನಾಲ್ಕು ತಿಂಗಳು ಜ್ವರ, ಸುಸ್ತು ಅಂತ ಮಲಗೇ ಹೋಯ್ತು. ಪರೀಕ್ಷೆಗೆ ಇನ್ನು 10 ವಾರ. ಫಿಸಿಕ್ಸ್ ಮೊದಲ ಪಾಠದಿಂದ ಹಿಡಿದರೆ ಮುಗಿಯಲ್ಲ, ಬಿಟ್ಟ ಕಡೆಯಿಂದ ಹಿಡಿದರೆ ಕ್ಲಾಸಲ್ಲಿ ಏನೂ ಅರ್ಥ ಆಗಲ್ಲ. ಅರ್ಧ ಗಂಟೆಗೇ ತಲೆ ಭಾರ. ಎಲ್ಲಿಂದ ಶುರು ಮಾಡಲಿ?"

ಪುಟ್ಟಾ, ಸ್ವಲ್ಪ ಉದ್ದ ಆಗುತ್ತದೆ, ಒಂದೇ ಸಲ ಕೇಳಬೇಡ, ಎರಡು ಸಲಕ್ಕೆ ಕೇಳು. ಇಷ್ಟು ವರ್ಷ ಫಿಸಿಕ್ಸ್ ಪಾಠ ಮಾಡುವಾಗ ನಿನ್ನ ಹಾಗೆ ಮಧ್ಯದಲ್ಲಿ ತಿಂಗಳುಗಟ್ಟಲೆ ಬಿಟ್ಟು ಬಂದ ಮಕ್ಕಳನ್ನು ನೋಡಿದ್ದೇನೆ. ಎಲ್ಲರೂ ಬಂದ ದಿನವೇ ಟೈಮ್‌ಟೇಬಲ್ ಬರೆಯಲು ಕೂರುತ್ತಾರೆ. ಈ ವಾರ ನೀನು ಅದನ್ನು ಬರೆಯಬೇಡ. ನಿನ್ನ ತಲೆಯಲ್ಲಿ ಏನು ಉಳಿದಿದೆ ಅಂತಲೇ ಗೊತ್ತಿಲ್ಲದೆ ಯಾವ ಪಾಠಕ್ಕೆ ಎಷ್ಟು ದಿನ ಅಂತ ಹೇಗೆ ಬರೆಯುತ್ತೀಯ?

ಈ ವಾರದ ಕೆಲಸ ಒಂದೇ. ಹಳೆಯ ಪ್ರಶ್ನೆ ಪತ್ರಿಕೆ ಒಂದು ತೆಗೆದುಕೋ. ಪುಸ್ತಕ ಮುಚ್ಚಿಡು. ಗಡಿಯಾರ ನೋಡಬೇಡ. ಒಂದು ದಿನಕ್ಕೆ ಐದಾರು ಪ್ರಶ್ನೆ ಸಾಕು. ಬಂದದ್ದು ಬರೆ, ಬರದಿದ್ದರೆ ಖಾಲಿ ಬಿಡು. ಆಮೇಲೆ ಬರದ ಪ್ರಶ್ನೆಯ ಉತ್ತರ ತೆಗೆದು ಮೊದಲ ಸಾಲು ಮಾತ್ರ ಓದು, ಉಳಿದದ್ದನ್ನು ಕೈಯಲ್ಲಿ ಮುಚ್ಚು, ಮುಂದಿನ ಸಾಲು ನೀನೇ ಬರೆಯಲು ನೋಡು. ಒಂದು ಸಾಲು ಸಿಕ್ಕಿದ ಕೂಡಲೇ ಉಳಿದದ್ದು ತಾನಾಗಿ ಬಂದರೆ ಆ ಪಾಠ ನಿನಗೆ ಮರೆತಿದೆ ಅಷ್ಟೇ. ಎರಡು ಮೂರು ಸಾಲು ನೋಡಿದರೂ ಮುಂದಕ್ಕೆ ಹೋಗದಿದ್ದರೆ ಅದು ನೀನು ಕಲಿತೇ ಇಲ್ಲದ ಪಾಠ. ಈ ಎರಡೂ ಬೇರೆ ಬೇರೆ. ನಾಲ್ಕು ತಿಂಗಳು ಆದ ಮೇಲೆ ಎರಡೂ ಒಂದೇ ತರಹ ಕಾಣುತ್ತವೆ, ಎಲ್ಲವೂ ಹೋಯಿತು ಅನಿಸುತ್ತದೆ, ಅದಕ್ಕೇ ನಿನಗೆ ಇಷ್ಟು ಗಾಬರಿ ಆಗಿರುವುದು.

ಮರೆತದ್ದು ಬೇಗ ವಾಪಸ್ ಬರುತ್ತದೆ. ಎಬ್ಬಿಂಗ್‌ಹೌಸ್ ಅಂತ ಜರ್ಮನಿಯ ಒಬ್ಬರು 1885ರಲ್ಲೇ ಇದನ್ನು ತಮ್ಮ ಮೇಲೇ ಅಳೆದು ತೋರಿಸಿದರು. ಅರ್ಥವಿಲ್ಲದ ಅಕ್ಷರಗಳ ಪಟ್ಟಿಯನ್ನು ಬಾಯಿಪಾಠ ಮಾಡಿ, ಮರೆತ ಮೇಲೆ ಅದನ್ನೇ ಮತ್ತೆ ಕಲಿತರು. ಎರಡನೇ ಸಲ ಮೊದಲಿಗಿಂತ ಕಡಿಮೆ ಸಮಯ ಸಾಕಾಯಿತು. ನೆನಪಿಗೆ ಬರುವುದಿಲ್ಲ ಅಂದ ಮಾತ್ರಕ್ಕೆ ಒಳಗೆ ಏನೂ ಉಳಿದಿಲ್ಲ ಅಂತ ಅಲ್ಲ. ಆದ್ದರಿಂದ ಮರೆತ ಪಾಠಕ್ಕೆ ಎರಡು ಮೂರು ಸಲ ಕೂತರೆ ಬಹಳಷ್ಟು ಬರುತ್ತದೆ. ಹೊಸ ಪಾಠಕ್ಕೆ ಹೊಸದಾಗಿಯೇ ಸಮಯ ಕೊಡಬೇಕು, ಅಲ್ಲಿ ದಾರಿ ಚಿಕ್ಕದಾಗುವುದಿಲ್ಲ.

ಒಂದು ಎಚ್ಚರ. ಹಳೆಯ ನೋಟ್ಸ್ ಓದಿ ನೋಡಿ "ಇದು ಗೊತ್ತಿದೆ" ಅಂತ ತೀರ್ಮಾನ ಮಾಡಬೇಡ. ಓದುವಾಗ ಎಲ್ಲವೂ ಪರಿಚಯದ ಹಾಗೆ ಕಾಣುತ್ತದೆ. ಖಾಲಿ ಹಾಳೆಯ ಮೇಲೆ ಬಂದರೆ ಮಾತ್ರ ಬಂತು ಅಂತ ಲೆಕ್ಕ.

ಈಗ ನಿನ್ನ ಪುಸ್ತಕಕ್ಕೆ ಬರೋಣ. ಹದಿನಾಲ್ಕು ಪಾಠ. ಮೊದಲ ನಾಲ್ಕು ನೀನು ಕಾಯಿಲೆ ಬೀಳುವ ಮೊದಲೇ ಓದಿದ್ದೆ: ಚಾರ್ಜ್ ಮತ್ತು ಫೀಲ್ಡ್, ಪೊಟೆನ್ಷಿಯಲ್ ಮತ್ತು ಕೆಪಾಸಿಟರ್, ಕರೆಂಟ್, ಆಮೇಲೆ ಚಲಿಸುವ ಚಾರ್ಜ್ ಮತ್ತು ಮ್ಯಾಗ್ನೆಟಿಸಂ. ನೀನು ಮಲಗಿದ್ದಾಗ ಆರು ಪಾಠ ಹೋಯಿತು: ಮ್ಯಾಗ್ನೆಟಿಸಂ ಮತ್ತು ವಸ್ತು, ಇಂಡಕ್ಷನ್, ಎಸಿ, ಎಲೆಕ್ಟ್ರೊಮ್ಯಾಗ್ನೆಟಿಕ್ ಅಲೆಗಳು, ರೇ ಆಪ್ಟಿಕ್ಸ್, ವೇವ್ ಆಪ್ಟಿಕ್ಸ್. ಈಗ ಕ್ಲಾಸಲ್ಲಿ ಫೋಟೊಎಲೆಕ್ಟ್ರಿಕ್ ಶುರುವಾಗಿದೆ ಅಂತ ನಿನ್ನಮ್ಮ ಹೇಳಿದಳು. ಇನ್ನು ಪರಮಾಣು, ನ್ಯೂಕ್ಲಿಯಸ್, ಸೆಮಿಕಂಡಕ್ಟರ್ ಇದೆ.

ಬಿಟ್ಟ ಕಡೆಯಿಂದ, ಅಂದರೆ ಐದನೇ ಪಾಠದಿಂದ ಹಿಡಿಯಬೇಡ. ಹಾಗೆ ಹಿಡಿದರೆ ಕ್ಲಾಸು ಮುಂದೆ ಓಡುತ್ತಲೇ ಇರುತ್ತದೆ, ನೀನು ಹಿಂದೆಯೇ ಉಳಿಯುತ್ತೀಯ, ಇವತ್ತು ಮಾಡಿದ ಪಾಠವೂ ನಾಳೆ ಬಾಕಿಗೆ ಸೇರುತ್ತದೆ, ಆರು ಪಾಠದ ಬಾಕಿ ಹತ್ತು ಪಾಠ ಆಗುತ್ತದೆ. ನಾಳೆಯಿಂದಲೇ ಕ್ಲಾಸಿನ ಜೊತೆ ನಡೆ. ನಿನ್ನ ವಿಷಯದಲ್ಲಿ ಅದೃಷ್ಟ ಏನು ಅಂದರೆ ಈ ಕೊನೆಯ ನಾಲ್ಕು ಪಾಠಕ್ಕೆ ನೀನು ಬಿಟ್ಟ ಆರರಿಂದ ಬೇಕಾದದ್ದು ತುಂಬಾ ಕಡಿಮೆ. ಫೋಟೊಎಲೆಕ್ಟ್ರಿಕ್‌ಗೆ ಬೆಳಕಿನ ಫ್ರೀಕ್ವೆನ್ಸಿ ಅಂದರೆ ಏನು ಅಂತ ಗೊತ್ತಿರಬೇಕು, ಪೊಟೆನ್ಷಿಯಲ್ ಗೊತ್ತಿರಬೇಕು. ಪರಮಾಣುವಿಗೆ ಮೊದಲ ಪಾಠದ ಕೂಲಂಬ್ ಬಲ ಸಾಕು. ಸೆಮಿಕಂಡಕ್ಟರ್ ಹೆಚ್ಚು ಕಡಿಮೆ ತಾನೇ ನಿಲ್ಲುವ ಪಾಠ.

ಕ್ಲಾಸಲ್ಲಿ ಅರ್ಥ ಆಗಲಿಲ್ಲ ಅನಿಸಿದಾಗ ಎಲ್ಲಿ ಸಿಕ್ಕಿಕೊಂಡೆ ಅಂತ ಹುಡುಕುವುದನ್ನು ಕಲಿ. ಒಂದು ಲೆಕ್ಕ ಹೇಳುತ್ತೇನೆ. ಒಂದು ಲೋಹದಿಂದ ಎಲೆಕ್ಟ್ರಾನ್ ಹೊರಗೆ ಬರಲು 2 ಎಲೆಕ್ಟ್ರಾನ್ ವೋಲ್ಟ್ ಬೇಕು. ಅದರ ಮೇಲೆ ಬೀಳುವ ಬೆಳಕಿನ ಒಂದೊಂದು ಫೋಟಾನ್‌ಗೂ 3 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಇದೆ. ಹೊರಗೆ ಬಂದ ಎಲೆಕ್ಟ್ರಾನ್‌ಗೆ ಹೆಚ್ಚೆಂದರೆ 1 ಎಲೆಕ್ಟ್ರಾನ್ ವೋಲ್ಟ್ ಉಳಿಯುತ್ತದೆ. ಇಲ್ಲಿಯವರೆಗೆ ಬಂದೆ ಅಂದರೆ ಇವತ್ತಿನ ಪಾಠ ಅರ್ಥವಾಗಿದೆ. ಮುಂದಿನ ಪ್ರಶ್ನೆ, ಅದನ್ನು ತಡೆಯಲು ಎಷ್ಟು ವೋಲ್ಟ್ ಬೇಕು? ಉತ್ತರ 1 ವೋಲ್ಟ್. ಇಲ್ಲಿ ನಿಂತುಬಿಟ್ಟೆ ಅಂದರೆ ತೊಂದರೆ ಫೋಟೊಎಲೆಕ್ಟ್ರಿಕ್‌ದಲ್ಲ, ಎರಡನೇ ಪಾಠದ ಪೊಟೆನ್ಷಿಯಲ್‌ದು, ಚಾರ್ಜನ್ನು ವೋಲ್ಟೇಜಿನಿಂದ ಗುಣಿಸಿದರೆ ಶಕ್ತಿ ಅನ್ನುವುದು ಮರೆತಿದೆ. ಆವತ್ತು ಸಂಜೆ ಎರಡನೇ ಪಾಠದ ಆ ಎರಡು ಪುಟ ಮಾತ್ರ ತೆಗೆ. ಇಡೀ ಪಾಠ ಬೇಡ. ಹೀಗೆ ಮಾಡುತ್ತಾ ಹೋದರೆ ಹಳೆಯ ಪಾಠಗಳ ರಿವಿಷನ್ ಬಹಳಷ್ಟು ಕ್ಲಾಸಿನ ಜೊತೆಗೇ ಮುಗಿದಿರುತ್ತದೆ.

ಬಾಕಿ ಆರು ಪಾಠಕ್ಕೆ ನನ್ನ ಕ್ರಮ ಇದು, ಪುಸ್ತಕದ ಕ್ರಮ ಅಲ್ಲ. ಮೊದಲು ರೇ ಆಪ್ಟಿಕ್ಸ್. ಅದಕ್ಕೆ ಹಿಂದಿನ ಮ್ಯಾಗ್ನೆಟಿಸಂ ಏನೂ ಬೇಡ, ಚಿತ್ರ ಬರೆದು ಕಲಿಯುವ ಪಾಠ, ತಲೆ ಭಾರ ಇದ್ದಾಗಲೂ ಸ್ವಲ್ಪ ಸ್ವಲ್ಪ ಸಾಗುತ್ತದೆ. ಅದರ ಹಿಂದೆಯೇ ವೇವ್ ಆಪ್ಟಿಕ್ಸ್. ಆಮೇಲೆ ನಾಲ್ಕನೇ ಪಾಠವನ್ನು ಒಂದು ಸಲ ಚೆನ್ನಾಗಿ ನೆನಪು ಮಾಡಿಕೊಂಡು ಇಂಡಕ್ಷನ್‌ಗೆ ಹೋಗು, ಅದು ಗಟ್ಟಿಯಾದ ಮೇಲೆ ಎಸಿ. ಇಂಡಕ್ಷನ್ ಬಿಟ್ಟು ಎಸಿಗೆ ಹಾರಿದವರು ಸೂತ್ರ ಬಾಯಿಪಾಠ ಮಾಡಿ, ಪ್ರಶ್ನೆ ಸ್ವಲ್ಪ ತಿರುಗಿದರೆ ಅಲ್ಲೇ ನಿಲ್ಲುತ್ತಾರೆ, ಇದನ್ನು ಪ್ರತಿ ವರ್ಷ ನೋಡಿದ್ದೇನೆ. ಎಲೆಕ್ಟ್ರೊಮ್ಯಾಗ್ನೆಟಿಕ್ ಅಲೆಗಳು, ಮ್ಯಾಗ್ನೆಟಿಸಂ ಮತ್ತು ವಸ್ತು, ಇವು ಎರಡೂ ಚಿಕ್ಕವು, ಕೊನೆಗೆ ಇಟ್ಟುಕೋ. ಸಮಯ ಸಾಲದೆ ಏನಾದರೂ ಬಿಡಲೇಬೇಕು ಅಂದರೆ ಇವುಗಳ ಒಳಗಿಂದ ಬಿಡು. ಆದರೆ ಬಿಡುವ ಮೊದಲು ನಿನ್ನ ಹಳೆಯ ಪತ್ರಿಕೆ ನಾಲ್ಕೈದು ತೆಗೆದು ಯಾವ ಪಾಠದಿಂದ ಎಷ್ಟು ಅಂಕ ಬಂದಿದೆ ಅಂತ ನೀನೇ ಎಣಿಸು. ಸ್ನೇಹಿತರ ಮಾತು ನಂಬಿ ಬಿಡಬೇಡ.

ನೋಟ್ಸ್ ವಿಷಯ. ಆರು ಪಾಠದ ನೋಟ್ಸ್ ಕೂತು ನಕಲು ಮಾಡಬೇಡ, ದಯವಿಟ್ಟು. ದಿನಗಳು ಹೋಗುತ್ತವೆ, ಕೈ ನೋಯುತ್ತದೆ, ಓದಿದ ತೃಪ್ತಿ ಬರುತ್ತದೆ, ತಲೆಗೆ ಏನೂ ಹೋಗಿರುವುದಿಲ್ಲ. ಜೆರಾಕ್ಸ್ ಮಾಡಿಸು. ಕೊಟ್ಟ ಹುಡುಗನಿಗೆ ಒಂದು ಕೆಲಸ ಹೇಳು, ಮೇಷ್ಟ್ರು ಬೋರ್ಡ್ ಮೇಲೆ ಬಿಡಿಸಿದ ಲೆಕ್ಕಗಳಿಗೆ ಪುಸ್ತಕದಲ್ಲಿ ಗುರುತು ಹಾಕಿಕೊಡಲಿ. ನೀನು ಕಳೆದುಕೊಂಡದ್ದು ಹೆಚ್ಚಾಗಿ ಅದೇ.

ಇನ್ನು ನಿನ್ನ ದೇಹದ ಮಾತು. ಇದನ್ನು ಸರಿಯಾಗಿ ಕೇಳು. ಅರ್ಧ ಗಂಟೆಗೆ ತಲೆ ಭಾರ ಆಗುತ್ತದೆ ಅಂದೆಯಲ್ಲ, ಹಾಗಾದರೆ 20 ನಿಮಿಷಕ್ಕೇ ಎದ್ದುಬಿಡು. ಭಾರ ಆಗುವ ಮೊದಲೇ ಏಳಬೇಕು. ದಿನಕ್ಕೆ ಅಂಥ ಮೂರು ನಾಲ್ಕು ಸಲ ಕೂತರೆ ಈ ವಾರಕ್ಕೆ ಸಾಕು. ಹೀಗೆ ಸುಸ್ತು ಉಳಿದವರಲ್ಲಿ ಅನೇಕರಿಗೆ ಜಾಸ್ತಿ ಮಾಡಿದ್ದರ ಪೆಟ್ಟು ಆ ದಿನ ಗೊತ್ತಾಗುವುದಿಲ್ಲ, ಮಾರನೇ ದಿನ ಅಥವಾ ಅದರ ಮಾರನೇ ದಿನ ಗೊತ್ತಾಗುತ್ತದೆ. ಒಂದು ದಿನ ಮೈ ಹಗುರ ಅನಿಸುತ್ತದೆ, ಹುರುಪಿನಲ್ಲಿ ಐದು ಗಂಟೆ ಓದುತ್ತಾರೆ, ಆಮೇಲೆ ಮೂರು ದಿನ ಏಳಲು ಆಗುವುದಿಲ್ಲ. ಹಾಗಾಗಿ ಅಳತೆ ಬೆಳಿಗ್ಗೆ ಮಾಡು. ಎದ್ದಾಗ ನಿನ್ನೆಗಿಂತ ಸುಸ್ತು ಇದೆಯಾ? ನಿದ್ದೆ ಮಾಡಿಯೂ ಮಾಡದ ಹಾಗಿದೆಯಾ? ಒಂದೇ ಸಾಲನ್ನು ಮೂರು ಸಲ ಓದುತ್ತಿದ್ದೀಯಾ? ಹೌದು ಅಂದರೆ ಆ ದಿನ ಅರ್ಧಕ್ಕೆ ಇಳಿಸು. ಮೂರು ನಾಲ್ಕು ದಿನ ಬೆಳಿಗ್ಗೆ ಸರಿಯಾಗಿ ಎದ್ದರೆ ಮಾತ್ರ ಇನ್ನೊಂದು ಸಲ ಕೂರುವುದನ್ನು ಸೇರಿಸು. ಜ್ವರ ಮತ್ತೆ ಬಂದರೆ, ತೂಕ ಇಳಿಯುತ್ತಿದ್ದರೆ, ಅಥವಾ ಎರಡು ವಾರ ಕಳೆದರೂ ಈ 20 ನಿಮಿಷ ಒಂದಿಷ್ಟೂ ಮುಂದೆ ಹೋಗದಿದ್ದರೆ ಅದು ಓದಿನ ಸಮಸ್ಯೆ ಅಲ್ಲ, ಡಾಕ್ಟರಿಗೆ ತೋರಿಸಬೇಕು.

ಹತ್ತು ವಾರದಲ್ಲಿ ಈ ವಾರ ಪರೀಕ್ಷಿಸಿಕೊಳ್ಳಲು ಹೋಯಿತು. ಕೊನೆಯ ಎರಡು ವಾರ ಪೂರ್ತಿ ಪತ್ರಿಕೆ ಬರೆಯಲು ಬೇಕು. ಒಂದು ವಾರ ಖಾಲಿ ಇಡು, ಮತ್ತೆ ಹುಷಾರು ತಪ್ಪಿದರೆ ಅಂತ. ಉಳಿದದ್ದು ಆರು ವಾರ. ಆರು ಪಾಠವೂ ಬಾಕಿ ಇವೆ, ಉಳಿದ ವಿಷಯಗಳೂ ಇವೆ, ಅದಕ್ಕೇ ಎಲ್ಲ ಲೆಕ್ಕ ಬಿಡಿಸುವ ಆಸೆ ಬೇಡ ಅನ್ನುತ್ತಿರುವುದು. ಕೈಗೂ ಅಭ್ಯಾಸ ತಪ್ಪಿದೆ. ಮೂರು ಗಂಟೆ ಕೂತು ಬರೆಯುವುದು ಒಮ್ಮೆಲೇ ಬರುವುದಿಲ್ಲ. ಈ ತಿಂಗಳು 20 ನಿಮಿಷ, ಆಮೇಲೆ 40, ಆಮೇಲೆ ಅರ್ಧ ಪತ್ರಿಕೆ, ಕೊನೆಗೆ ಪೂರ್ತಿ, ಅದೂ ಪರೀಕ್ಷೆ ನಡೆಯುವ ಹೊತ್ತಿಗೇ ಕೂತು.

ಅಕ್ಕಾ, ಇದು ನಿನಗೆ. ಹಾಜರಿ ಕಡಿಮೆ ಆಗಿದ್ದಕ್ಕೆ ಏನು ಕೊಡಬೇಕು, ತಪ್ಪಿದ ಪ್ರಾಕ್ಟಿಕಲ್ ಯಾವಾಗ ಮಾಡಿಸುತ್ತಾರೆ, ಹೆಚ್ಚಿನ ಸಮಯ ಕೇಳಲು ಅವಕಾಶ ಇದೆಯಾ, ಈ ಸಲ ಬಿಟ್ಟು ಮುಂದಿನ ಸಲ ಕೂರುವುದಾದರೆ ಕೊನೆಯ ದಿನ ಯಾವುದು, ಇಷ್ಟನ್ನೂ ನೀನೇ ಹೋಗಿ ಈ ವಾರ ವಿಚಾರಿಸಿ ಬಾ. ಡಾಕ್ಟರ ಸರ್ಟಿಫಿಕೇಟಿನಲ್ಲಿ ಎಂದಿನಿಂದ ಎಂದಿನವರೆಗೆ ಅಂತ ತಾರೀಖು ಬರೆಸಿಕೋ. ಅವನನ್ನು ಈ ಓಡಾಟಕ್ಕೆ ಕಳಿಸಬೇಡ. ಮನೆಯಲ್ಲಿ ದಿನಾ ಎಷ್ಟು ಪಾಠ ಆಯಿತು ಅಂತ ಕೇಳಬೇಡಿ, ಬೆಳಿಗ್ಗೆ ಹೇಗೆ ಎದ್ದೆ ಅಂತ ಕೇಳಿ.

ಪುಟ್ಟಾ, ಪತ್ರಿಕೆ ಮುಗಿದ ಮೇಲೆ ಒಂದು ಹಾಳೆಯಲ್ಲಿ ಹದಿನಾಲ್ಕು ಪಾಠದ ಹೆಸರು ಬರೆದು ಪ್ರತಿಯೊಂದರ ಮುಂದೆ ಬಂತು, ಮರೆತಿದೆ, ಹೊಸದು, ಈ ಮೂರರಲ್ಲಿ ಒಂದು ಬರೆ. ಫೋಟೊ ತೆಗೆದು ಭಾನುವಾರ ನನಗೆ ಕಳಿಸು. ಟೈಮ್‌ಟೇಬಲ್ ಆಮೇಲೆ ಇಬ್ಬರೂ ಕೂತು ಹಾಕೋಣ.