ಅಪ್‌ಡೇಟ್: ಹತ್ತು ದಿನ ಮುಗಿದವು, ನಾಯಿ ಆರಾಮಾಗಿದೆ

ನಾನು ಕೇಳಿದ್ದು: "ಪಕ್ಕದ ಮನೆ ನಾಯಿ ಮೀನಖಂಡಕ್ಕೆ ಕಚ್ಚಿ ರಕ್ತ ಬಂದಿದೆ, ಅದರ ಲಸಿಕೆ ಅವಧಿ ಮುಗಿದು ಎರಡು ತಿಂಗಳಾಗಿದೆ. ಹತ್ತು ದಿನ ನೋಡಿ ಆಮೇಲೆ ಇಂಜೆಕ್ಷನ್ ತಗೊಂಡ್ರೆ ಸಾಕಾ?"

ಸಾಕಾಗಲ್ಲ. ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋದೆ. ರಕ್ತ ಬಂದಿದ್ದರಿಂದ ಲಸಿಕೆಯ ಜೊತೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಕೂಡ ಚುಚ್ಚಿದರು. ತುಂಬಾ ಉರಿಯಿತು. ಆದರೆ ಲಸಿಕೆ ಕೆಲಸ ಶುರು ಮಾಡೋವರೆಗೂ ಗಾಯದಲ್ಲೇ ವೈರಸ್ ತಡೆಯೋದು ಅದೇ.

ಹತ್ತು ದಿನದ ಲೆಕ್ಕ ಡಾಕ್ಟರ್ ಬಿಡಿಸಿ ಹೇಳಿದರು. ರೇಬಿಸ್ ಇರೋ ನಾಯಿಯ ಜೊಲ್ಲಲ್ಲಿ ವೈರಸ್ ಬರೋದು ಲಕ್ಷಣ ಕಾಣೋಕೆ ಕೆಲವೇ ದಿನ ಮುಂಚೆ, ಆಮೇಲೆ ನಾಯಿ ಬೇಗ ಸಾಯುತ್ತೆ. ಹತ್ತನೇ ದಿನವೂ ಅದು ಆರೋಗ್ಯವಾಗಿದ್ದರೆ ಕಚ್ಚಿದಾಗ ಜೊಲ್ಲಲ್ಲಿ ವೈರಸ್ ಇರಲಿಲ್ಲ ಅಂತ ಅರ್ಥ.

ಪಕ್ಕದವರು ಗಾಬರಿಯಲ್ಲಿ ಅವತ್ತೇ ನಾಯಿಗೆ ಲಸಿಕೆ ಹಾಕಿಸೋಕೆ ಹೊರಟಿದ್ದರು. ಪಶುವೈದ್ಯರು ಬೇಡ ಅಂದರು, ಲಸಿಕೆಯಿಂದ ಮಂಕಾದರೂ ರೋಗದ ಲಕ್ಷಣ ಅನ್ನಿಸಬಹುದು ಅಲ್ವಾ. ಕಟ್ಟಿಹಾಕಿ, ದಿನಾ ಊಟ, ನೀರು, ಬೊಗಳೋ ದನಿ ಗಮನಿಸಿದರು. ನಿನ್ನೆ ಹತ್ತನೇ ದಿನ, ಪಶುವೈದ್ಯರು ಪರೀಕ್ಷಿಸಿ ಲಸಿಕೆ ಹಾಕಿದರು. ನನಗೆ 0, 3, 7ನೇ ದಿನದ ಡೋಸ್ ಆಗಿತ್ತು, ಉಳಿದದ್ದು ಬೇಡ ಅಂತ ಡಾಕ್ಟರೇ ನಿಲ್ಲಿಸಿದರು.